ದಪ್ಪ ಗೀಟೋ, ಚುಕ್ಕೆ ಗೀಟೋ? ಡೀಲ್ಸ್–ಆಲ್ಡರ್ ಉತ್ತರ ಬರೆಯುವ ದಾರಿ

ಧಾರವಾಡದ ಸಪ್ತಾಪುರದಲ್ಲಿ ಸಂಜೆ ಹೊತ್ತು ಎಂ.ಎಸ್ಸಿ. ಪ್ರವೇಶ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಗೆ ಆರ್ಗ್ಯಾನಿಕ್ ಹೇಳಿಕೊಡುತ್ತೇನೆ. ಡೀಲ್ಸ್–ಆಲ್ಡರ್ ಲೆಕ್ಕ ಕೊಟ್ಟರೆ ಆರು ಮೂಲೆಯ ಉಂಗುರವನ್ನು ಎಲ್ಲರೂ ಬರೆಯುತ್ತಾರೆ. ಡಬಲ್ ಬಾಂಡ್ ಕೂಡ ಸರಿಯಾದ ಜಾಗದಲ್ಲಿರುತ್ತದೆ. ತಪ್ಪುವುದು ಗೀಟಿನಲ್ಲಿ. ಯಾವ ಗುಂಪು ದಪ್ಪ ಗೀಟಿನ ಮೇಲೆ, ಯಾವುದು ಚುಕ್ಕೆ ಗೀಟಿನ ಮೇಲೆ ಅನ್ನುವಲ್ಲಿ ಅರ್ಧ ಕ್ಲಾಸು ಊಹೆ ಮಾಡುತ್ತದೆ.

ಹೋದ ಬ್ಯಾಚಿನಲ್ಲಿ ಹಾವೇರಿ ಕಡೆಯ ಹುಡುಗಿಯೊಬ್ಬಳು ಕೇಳಿದಳು, "ಸರ್, ಎಂಡೋ ಅಂದ್ರ ಕೆಳಗ ಬರೋದು ಅಲ್ರೀ?"

"ಯಾವುದರ ಕೆಳಗವ್ವಾ?" ಅಂದೆ.

ಅವಳು ಪುಟದ ಕೆಳಭಾಗ ತೋರಿಸಿದಳು. ತಪ್ಪು ಅವಳದಲ್ಲ. ಬೋರ್ಡಿನ ಮೇಲೆ ಬರೆದ ಚಿತ್ರದಲ್ಲಿ ಎಂಡೋ ಗುಂಪು ಯಾವಾಗಲೂ ಕೆಳಗೇ ಇರುತ್ತದಲ್ವಾ? ಆದರೆ ಎಂಡೋ ಅನ್ನುವುದು ಪುಟದ ಮೇಲು ಕೆಳಗಿನ ಮಾತಲ್ಲ. ಡಯೀನ್‌ನ ಹೊಟ್ಟೆಯ ಕೆಳಗೆ ಯಾರು ಮಡಚಿಕೊಂಡು ಕೂತಿದ್ದಾರೆ ಅನ್ನುವ ಮಾತು. ಅದನ್ನು ಪುಟದ ಮೇಲಿನ ಗೀಟಿಗೆ ಇಳಿಸುವುದು ಹೇಗೆ ಅನ್ನುವುದಷ್ಟೇ ಈ ಲೇಖನ.

ಮೊದಲು ಆರು ಕಾರ್ಬನ್‌ಗೆ ನಂಬರ್ ಹಾಕಿ

ಡಯೀನ್ ಅಂದರೆ ಒಂದು ಸಿಂಗಲ್ ಬಾಂಡ್ ನಡುವೆ ಬಿಟ್ಟು ಎರಡು ಡಬಲ್ ಬಾಂಡ್ ಇರುವ ನಾಲ್ಕು ಕಾರ್ಬನ್‌ಗಳ ಸಾಲು. ಆ ನಾಲ್ಕಕ್ಕೆ 1, 2, 3, 4 ಅಂತ ನಂಬರ್ ಕೊಡಿ. ಎದುರಿಗೆ ಬರುವ ಆಲ್ಕೀನ್‌ಗೆ ಡಯೀನೋಫೈಲ್ ಅನ್ನುತ್ತಾರೆ. ಅದರ ಎರಡು ಕಾರ್ಬನ್‌ಗೆ 5, 6. ಇದು ಹೆಸರು ಬರೆಯುವಾಗಿನ ನಂಬರ್ ಅಲ್ಲ, ನಮ್ಮ ಲೆಕ್ಕಕ್ಕೆ ಮಾತ್ರ.

ಇನ್ನು ಯೋಚನೆ ಮಾಡುವಂಥದ್ದೇನಿಲ್ಲ. 4 ಮತ್ತು 5 ಕೂಡುತ್ತವೆ, 6 ಮತ್ತು 1 ಕೂಡುತ್ತವೆ. ಹೊಸ ಡಬಲ್ ಬಾಂಡ್ 2 ಮತ್ತು 3ರ ನಡುವೆ ಬರುತ್ತದೆ. ಹಳೆಯ ಮೂರು ಡಬಲ್ ಬಾಂಡ್ ಹೋಗಿ ಒಂದು ಉಳಿಯುತ್ತದೆ. ಹೊರಗೆ ಏನೂ ಬೀಳುವುದಿಲ್ಲ. ಎರಡೂ ಅಣುಗಳ ಸೂತ್ರ ಕೂಡಿಸಿದರೆ ಉತ್ತರದ ಸೂತ್ರವೇ ಬರಬೇಕು. ಬರದಿದ್ದರೆ ಎಲ್ಲೋ ಒಂದು ಹೈಡ್ರೋಜನ್ ಬಿಟ್ಟಿದ್ದೀರಿ.

ಚಿತ್ರವನ್ನು ಯಾವಾಗಲೂ ಒಂದೇ ಥರ ಬರೆಯುವ ರೂಢಿ ಮಾಡಿಕೊಳ್ಳಿ. ನಾನು ಷಡ್ಭುಜವನ್ನು ಒಂದು ಮೂಲೆ ಮೇಲೆ, ಒಂದು ಮೂಲೆ ಕೆಳಗೆ ಬರುವ ಹಾಗೆ ನಿಲ್ಲಿಸುತ್ತೇನೆ. ತುದಿಯಲ್ಲಿ 1, ಎಡಗಡೆ ಮೇಲೆ 2, ಎಡಗಡೆ ಕೆಳಗೆ 3, ತಳದಲ್ಲಿ 4. ಬಲಗಡೆ ಕೆಳಗೆ 5, ಮೇಲೆ 6. ಅಂದರೆ ಡಯೀನ್ ಎಡಗಡೆ, ಬಾಯಿ ಬಲಕ್ಕೆ ತೆರೆದುಕೊಂಡು ನಿಂತಿದೆ. ಡಯೀನೋಫೈಲ್ ಆ ಬಾಯಿಯ ಎದುರಿಗಿದೆ.

ಈ ಬಾಯಿ ತೆರೆದ ಆಕಾರಕ್ಕೇ ಎಸ್-ಸಿಸ್ ಅನ್ನುವುದು. ಇದು ಇಲ್ಲದೆ ಕೆಲಸ ಆಗುವುದಿಲ್ಲ. ಸಾಮಾನ್ಯ ಡಯೀನ್ ನಡುವಿನ ಸಿಂಗಲ್ ಬಾಂಡ್ ತಿರುಗಿಸಿಕೊಂಡು ಈ ಆಕಾರಕ್ಕೆ ಬರುತ್ತದೆ. ಒಂದು ಡಬಲ್ ಬಾಂಡ್ ಈ ಉಂಗುರದಲ್ಲಿ, ಇನ್ನೊಂದು ಪಕ್ಕದ ಉಂಗುರದಲ್ಲಿ ಎದುರುಬದುರು ದಿಕ್ಕಿಗೆ ಸಿಕ್ಕಿಕೊಂಡಿದ್ದರೆ ತಿರುಗಲು ಆಗುವುದಿಲ್ಲ. ಅಂಥ ಪ್ರಶ್ನೆಗೆ ಉತ್ತರ "ಕ್ರಿಯೆ ಇಲ್ಲ". ಪರೀಕ್ಷೆಯಲ್ಲಿ ಇದನ್ನು ಬೇಕಂತಲೇ ಕೇಳುತ್ತಾರೆ, ಮಕ್ಕಳು ಏನೋ ಒಂದು ಉಂಗುರ ಬರೆದು ಬರುತ್ತಾರೆ.

ಒಳಗಿನವರು, ಹೊರಗಿನವರು

ಈಗ ಲೇಖನದ ತಿರುಳಿಗೆ ಬಂದೆವು. 1ನೇ ಕಾರ್ಬನ್ ಮೇಲೆ ಎರಡು ಗುಂಪುಗಳಿಗೆ ಜಾಗ ಇದೆ. ಒಂದು ಬಾಯಿಯ ಒಳಕ್ಕೆ ಮುಖ ಮಾಡಿರುತ್ತದೆ, ಇನ್ನೊಂದು ಹೊರಕ್ಕೆ. 4ನೇ ಕಾರ್ಬನ್‌ದೂ ಅದೇ ಕಥೆ. ಎಸ್-ಸಿಸ್ ಆಕಾರ ಬರೆದ ಮೇಲೆ ಯಾವುದು ಒಳಗೆ, ಯಾವುದು ಹೊರಗೆ ಅಂತ ಕಣ್ಣಿಗೇ ಕಾಣುತ್ತದೆ. ಟ್ರಾನ್ಸ್ ಡಬಲ್ ಬಾಂಡ್ ಇದ್ದರೆ ಗುಂಪು ಹೊರಗಡೆ, ಸಿಸ್ ಇದ್ದರೆ ಒಳಗಡೆ.

ಡಯೀನೋಫೈಲ್‌ಗೂ ಇಂಥದ್ದೇ ಎರಡು ಜಾಗ. ಅದು ಡಯೀನ್‌ನ ಪಕ್ಕದಿಂದ ಬಂದು ಡಿಕ್ಕಿ ಹೊಡೆಯುವುದಿಲ್ಲ, ಕೆಳಗಿನಿಂದಲೋ ಮೇಲಿನಿಂದಲೋ ಬರುತ್ತದೆ. ಒಂದರ ಮೇಲೊಂದು ಇಟ್ಟ ಎರಡು ರೊಟ್ಟಿ ನೆನೆಸಿಕೊಳ್ಳಿ. ಮೇಲಿನ ರೊಟ್ಟಿ ಡಯೀನ್. ಕೆಳಗಿನ ರೊಟ್ಟಿಯ ಹೆಚ್ಚಿನ ಭಾಗ ಮೇಲಿನದರ ಅಡಿಯಲ್ಲೇ ಮರೆಯಾಗಿದ್ದರೆ ಅದು ಎಂಡೋ. ಕೆಳಗಿನ ರೊಟ್ಟಿ ಮೇಲಿನದರ ಅಡಿಯಿಂದ ಹೊರಗೆ ಚಾಚಿಕೊಂಡಿದ್ದರೆ ಎಕ್ಸೋ. ಡಯೀನೋಫೈಲ್ ಮೇಲಿನ ಕಾರ್ಬೋನಿಲ್ ಗುಂಪು 2–3 ಕಾರ್ಬನ್‌ಗಳ ಅಡಿಗೆ ಬಂದಿದೆಯಾ, ಹೊರಗೆ ಉಳಿದಿದೆಯಾ, ಇಷ್ಟೇ ಪ್ರಶ್ನೆ.

ಈಗ ಪುಟದ ಮೇಲಿನ ನಿಯಮ ಹೇಳುತ್ತೇನೆ. ಹೊರಗಿನವು ಮತ್ತು ಎಂಡೋ ದಪ್ಪ ಗೀಟಿನ ಮೇಲೆ. ಒಳಗಿನವು ಮತ್ತು ಎಕ್ಸೋ ಚುಕ್ಕೆ ಗೀಟಿನ ಮೇಲೆ. ಬೇಕಾದರೆ ಎಲ್ಲವನ್ನೂ ಒಟ್ಟಿಗೆ ಅದಲು ಬದಲು ಮಾಡಿ ಬರೆಯಿರಿ, ತಪ್ಪಿಲ್ಲ. ಅರ್ಧ ಮಾತ್ರ ಬದಲಿಸಿದರೆ ಕೆಟ್ಟಿತು.

ಇದನ್ನು ಬಾಯಿಪಾಠ ಮಾಡಿದರೆ ಪರೀಕ್ಷೆ ದಿನ ಮರೆತು ಹೋಗುತ್ತದೆ. ಮರೆತಾಗ ಮತ್ತೆ ಹುಟ್ಟಿಸಿಕೊಳ್ಳುವ ದಾರಿ ಬೇಕು. ಅದಕ್ಕೆ ಸೈಕ್ಲೋಪೆಂಟಾಡಯೀನ್ ಸಾಕು. ಅದರಲ್ಲಿ ಡಯೀನ್‌ನ 1 ಮತ್ತು 4ರ ಒಳಜಾಗಗಳನ್ನು ಒಂದು CH₂ ಸೇರಿಸಿ ಕಟ್ಟಿದೆ. ಅಂದರೆ ಸೇತುವೆ ಅಂದರೇನೇ "ಒಳಗಿನವರು". ಹೊರಜಾಗದಲ್ಲಿ ಹೈಡ್ರೋಜನ್‌ಗಳಿವೆ. ಡಯೀನೋಫೈಲ್ ಕೆಳಗಿನಿಂದ ಬಂದಾಗ ಆ ಸೇತುವೆ ಮೇಲಕ್ಕೆ ಎದ್ದು ನಿಲ್ಲುತ್ತದೆ. ಎಂಡೋ ಗುಂಪು ಸೇತುವೆಗೆ ಬೆನ್ನು ಹಾಕಿ, ಡಬಲ್ ಬಾಂಡ್ ಅಡಿಯಲ್ಲಿ ಕೂರುತ್ತದೆ. ಎಲ್ಲ ಪುಸ್ತಕದಲ್ಲೂ ಈ ಚಿತ್ರ ಇದೆ, ಎಲ್ಲರಿಗೂ ನೆನಪಿರುತ್ತದೆ. ಸೇತುವೆ ಒಂದು ಕಡೆ, ಎಂಡೋ ಇನ್ನೊಂದು ಕಡೆ ಅಂದಮೇಲೆ ಒಳಗಿನದಕ್ಕೂ ಎಂಡೋಗೂ ವಿರೋಧ. ಹಾಗಾದರೆ ಹೊರಗಿನದೂ ಎಂಡೋನೂ ಒಂದೇ ಕಡೆ. ಉಳಿದ ಯಾವ ಡಯೀನ್ ಬಂದರೂ ಇದೇ ಚಿತ್ರದಿಂದ ಸೇತುವೆಯನ್ನು ಕತ್ತರಿಸಿ ತೆಗೆದ ಹಾಗೆ ಅಂತ ತಿಳಿದುಕೊಳ್ಳಿ.

ಕಣ್ಣಿಗೆ ಕಂಡರೇ ನಂಬುವವರಿಗೆ ಇನ್ನೊಂದು ಉಪಾಯ. ಮಾಡೆಲ್ ಕಿಟ್ ಇಲ್ಲದಿದ್ದರೆ ರಾತ್ರಿ ನೆನೆಸಿದ ಕಡಲೆಕಾಳು, ಕಸಬರಿಗೆ ಕಡ್ಡಿ ಸಾಕು. ಆರು ಕಾಳು ಸೇರಿಸಿ ದೋಣಿ ಆಕಾರದ ಉಂಗುರ ಮಾಡಿ, ಏಳನೆಯದನ್ನು ಸೇತುವೆಯಾಗಿ ಇಡಿ. ಎರಡು ಕಡ್ಡಿಗಳನ್ನು ಎಂಡೋ ಕಡೆ ಚುಚ್ಚಿ, ಸೇತುವೆ ಕೂಡುವ ಎರಡು ಕಾಳಿಗೂ ಹೊರಗಡೆಗೆ ಒಂದೊಂದು ಕಡ್ಡಿ ಚುಚ್ಚಿ. ಆಮೇಲೆ ಸೇತುವೆ ಕಿತ್ತು, ಉಂಗುರವನ್ನು ಮೆಲ್ಲಗೆ ಒತ್ತಿ ಚಪ್ಪಟೆ ಮಾಡಿ. ಹೊರಗಿನ ಕಡ್ಡಿಗಳೂ ಎಂಡೋ ಕಡ್ಡಿಗಳೂ ಒಂದೇ ಮುಖಕ್ಕೆ ಏಳುವುದು ಕಾಣುತ್ತದೆ. ಕಾಳು ಜಾಸ್ತಿ ನೆನೆದಿದ್ದರೆ ಒಡೆಯುತ್ತವೆ, ಆರೇಳು ಗಂಟೆ ಸಾಕು.

ಒಂದು ಲೆಕ್ಕ ಪೂರ್ತಿ ಮಾಡೋಣ

ಟ್ರಾನ್ಸ್,ಟ್ರಾನ್ಸ್-2,4-ಹೆಕ್ಸಾಡಯೀನ್ ಮತ್ತು ಮಲೇಯಿಕ್ ಅನ್‌ಹೈಡ್ರೈಡ್ ತೆಗೆದುಕೊಳ್ಳಿ. ಹೆಕ್ಸಾಡಯೀನ್‌ನಲ್ಲಿ ಆರು ಕಾರ್ಬನ್ ಇವೆ, ಆದರೆ ಡಯೀನ್ ಅಂದರೆ ನಡುವಿನ ನಾಲ್ಕು ಮಾತ್ರ. ಎರಡೂ ತುದಿಯಲ್ಲಿ ಒಂದೊಂದು ಮೀಥೈಲ್. ನಮ್ಮ ನಂಬರಿನಲ್ಲಿ ಮೀಥೈಲ್‌ಗಳು 1 ಮತ್ತು 4ರ ಮೇಲೆ ಬಂದವು. ಎರಡೂ ಡಬಲ್ ಬಾಂಡ್ ಟ್ರಾನ್ಸ್, ಹಾಗಾಗಿ ಎರಡೂ ಮೀಥೈಲ್ ಹೊರಗಿನವು. ಎರಡಕ್ಕೂ ದಪ್ಪ ಗೀಟು.

ಅನ್‌ಹೈಡ್ರೈಡ್‌ನ ಎರಡು ಕಾರ್ಬೋನಿಲ್‌ಗಳು 5 ಮತ್ತು 6ರ ಮೇಲಿವೆ, ಒಂದೇ ಕಡೆಗಿವೆ. ಎರಡು ಬಾಂಡ್‌ಗಳೂ ಒಂದೇ ಹೆಜ್ಜೆಯಲ್ಲಿ ಆಗುವುದರಿಂದ ನಡುವೆ ತಿರುಗಲು ಪುರುಸೊತ್ತು ಇಲ್ಲ. ಸಿಸ್ ಬಂದದ್ದು ಸಿಸ್ ಆಗಿಯೇ ಉಳಿಯುತ್ತದೆ. ಎಂಡೋ ದಾರಿ ಹಿಡಿದರೆ ಎರಡಕ್ಕೂ ದಪ್ಪ ಗೀಟು.

ನಾಲ್ಕೂ ಗುಂಪು ದಪ್ಪ ಗೀಟಿನ ಮೇಲೆ, ಅಂದರೆ ನಾಲ್ಕೂ ಸಿಸ್. ಮಕ್ಕಳಿಗೆ ಇಲ್ಲಿ ಅನುಮಾನ ಬರುತ್ತದೆ. ಇಷ್ಟೊಂದು ಗುಂಪು ಒಂದೇ ಕಡೆ ಇಕ್ಕಟ್ಟಾಗುವುದಿಲ್ವಾ ಅಂತ ಒಂದು ಮೀಥೈಲನ್ನು ಸುಮ್ನೆ ಚುಕ್ಕೆ ಗೀಟಿಗೆ ತಳ್ಳುತ್ತಾರೆ. ಇಕ್ಕಟ್ಟು ನಿಜ. ಆದರೆ ಮೀಥೈಲ್ ಎಲ್ಲಿ ಹೋಗಬೇಕು ಅನ್ನುವುದನ್ನು ಡಬಲ್ ಬಾಂಡ್ ಮೊದಲೇ ತೀರ್ಮಾನ ಮಾಡಿಬಿಟ್ಟಿದೆ. ಅದರಲ್ಲಿ ನಮ್ಮ ದಯೆ ದಾಕ್ಷಿಣ್ಯ ನಡೆಯುವುದಿಲ್ಲ.

ಈ ಉತ್ತರವನ್ನು ಅಡ್ಡಡ್ಡ ನಡುವೆ ಕತ್ತರಿಸಿದರೆ ಮೇಲಿನ ಅರ್ಧ ಕೆಳಗಿನ ಅರ್ಧದ ಕನ್ನಡಿ ಬಿಂಬ. ನಾಲ್ಕು ಸ್ಟೀರಿಯೋ ಕೇಂದ್ರ ಇದ್ದರೂ ಇದು ಮೀಸೋ, ಬೆಳಕನ್ನು ತಿರುಗಿಸುವುದಿಲ್ಲ. "ಎಷ್ಟು ಐಸೋಮರ್ ಬರುತ್ತವೆ" ಅಂದರೆ ಎಂಡೋ ಲೆಕ್ಕದಲ್ಲಿ ಒಂದೇ.

ಈಗ ಒಂದೇ ಒಂದು ಬದಲಾವಣೆ ಮಾಡಿ. ಡಯೀನ್ ಅದೇ ಇರಲಿ, ಅನ್‌ಹೈಡ್ರೈಡ್ ಬದಲು ಡೈಮೀಥೈಲ್ ಫ್ಯೂಮರೇಟ್ ಹಾಕಿ. ಅದರ ಎರಡು ಎಸ್ಟರ್‌ಗಳು ಟ್ರಾನ್ಸ್. ಒಂದು ಎಂಡೋ ಆದರೆ ಇನ್ನೊಂದು ಎಕ್ಸೋ ಆಗಲೇಬೇಕು. ಹಾಗಾಗಿ ಒಂದು ದಪ್ಪ ಗೀಟು, ಒಂದು ಚುಕ್ಕೆ. ಮೀಥೈಲ್‌ಗಳು ಮೊದಲಿನ ಹಾಗೆ ದಪ್ಪ. ಇಲ್ಲಿ ಎಂಡೋ–ಎಕ್ಸೋ ಜಗಳವೇ ಇಲ್ಲ, ಯಾವ ಕಡೆ ತಿರುಗಿ ಬಂದರೂ ಸಿಗುವುದು ಅದೇ ಡಯಾಸ್ಟೀರಿಯೋಮರ್. ಆದರೆ ಕನ್ನಡಿ ಸಮತಲ ಹೋಯಿತು. ಎರಡು ಎನಾನ್ಷಿಯೋಮರ್‌ಗಳು ಸಮಸಮ ಬರುತ್ತವೆ, ರೆಸಿಮಿಕ್ ಅಂತ ಬರೆಯಿರಿ.

ಡಯೀನ್ ಕಡೆ ಬದಲಿಸಿದರೆ? ಒಂದು ಡಬಲ್ ಬಾಂಡ್ ಟ್ರಾನ್ಸ್, ಇನ್ನೊಂದು ಸಿಸ್ ಇರಲಿ, ಎದುರಿಗೆ ಮತ್ತೆ ಮಲೇಯಿಕ್ ಅನ್‌ಹೈಡ್ರೈಡ್. ಒಂದು ಮೀಥೈಲ್ ಹೊರಗೆ, ಒಂದು ಒಳಗೆ. ಹೊರಗಿನದು ದಪ್ಪ ಗೀಟು, ಒಳಗಿನದು ಚುಕ್ಕೆ. ಆದರೆ ಒಳಗಿನ ಮೀಥೈಲ್ ಎದುರಿನ ಹೈಡ್ರೋಜನ್‌ಗೆ ತಾಗುವುದರಿಂದ ಈ ಡಯೀನ್ ಎಸ್-ಸಿಸ್ ಆಕಾರಕ್ಕೆ ಬರಲು ಒಲ್ಲೆ ಅನ್ನುತ್ತದೆ, ಕ್ರಿಯೆ ಬಹಳ ನಿಧಾನ. ಎರಡೂ ಸಿಸ್ ಆದರೆ ಎರಡು ಮೀಥೈಲ್ ಒಂದಕ್ಕೊಂದು ಢಿಕ್ಕಿ ಹೊಡೆದು, ಕ್ರಿಯೆ ಆಗುವುದೇ ಕಷ್ಟ. ಎರಡೂ ಥರದ ಡಯೀನ್ ಬೆರೆತ ಬಾಟಲಿ ತಂದರೆ ಟ್ರಾನ್ಸ್,ಟ್ರಾನ್ಸ್ ಮೊದಲು ಮುಗಿಯುತ್ತದೆ, ಉಳಿದದ್ದು ಹಾಗೇ ಕೂತಿರುತ್ತದೆ.

ಎರಡೂ ಕಡೆ ಸಮ ಇಲ್ಲದಿದ್ದರೆ

ಡಯೀನ್‌ನ ಒಂದೇ ತುದಿಯಲ್ಲಿ ಗುಂಪಿದ್ದು, ಡಯೀನೋಫೈಲ್‌ನಲ್ಲೂ ಒಂದೇ ಗುಂಪಿದ್ದರೆ, ಯಾವ ತುದಿ ಯಾವುದಕ್ಕೆ ಅಂತ ಮೊದಲು ನೋಡಬೇಕು. ಟ್ರಾನ್ಸ್-1-ಮೆಥಾಕ್ಸಿಬ್ಯೂಟಾಡಯೀನ್ ಮತ್ತು ಅಕ್ರೋಲಿನ್ ನೋಡಿ. ಮೆಥಾಕ್ಸಿಯ ಆಕ್ಸಿಜನ್ ಎಲೆಕ್ಟ್ರಾನ್ ತಳ್ಳಿದರೆ ಅದು 4ನೇ ಕಾರ್ಬನ್‌ನಲ್ಲಿ ಜಮಾ ಆಗುತ್ತದೆ. ಅಕ್ರೋಲಿನ್‌ನಲ್ಲಿ ಆಲ್ಡಿಹೈಡ್ ಎಲೆಕ್ಟ್ರಾನ್ ಎಳೆಯುವುದರಿಂದ ದೂರದ CH₂ ಹಸಿದು ಕೂತಿರುತ್ತದೆ. ಇವೆರಡು ಸೇರುತ್ತವೆ. ಉಳಿದ ಎರಡು ತಾವೇ ಜೋಡಿಯಾಗುತ್ತವೆ. ಆಗ ಮೆಥಾಕ್ಸಿ ಮತ್ತು ಆಲ್ಡಿಹೈಡ್ ಪಕ್ಕಪಕ್ಕದ ಕಾರ್ಬನ್ ಮೇಲೆ ಬರುತ್ತವೆ. ಬಾಣ ಹಾಕಿ ನೋಡಿದರೆ ಅರ್ಧ ನಿಮಿಷದ ಕೆಲಸ.

ಗೀಟು ಹಾಕುವುದು ಮೊದಲಿನಂತೆಯೇ. ಮೆಥಾಕ್ಸಿ ಹೊರಗಿನದು, ದಪ್ಪ. ಆಲ್ಡಿಹೈಡ್ ಎಂಡೋ, ದಪ್ಪ. ಉತ್ತರ ಸಿಸ್-2-ಮೆಥಾಕ್ಸಿ-3-ಸೈಕ್ಲೋಹೆಕ್ಸೀನ್-1-ಕಾರ್ಬಾಲ್ಡಿಹೈಡ್, ರೆಸಿಮಿಕ್. ಮೊದಲು ಜಾಗ, ಆಮೇಲೆ ಗೀಟು. ಈ ಕ್ರಮ ತಪ್ಪಿಸಬೇಡಿ.

ಬಾಟಲಿಯಲ್ಲಿ ಇದು ನಿಜವೇ?

ಓಟೋ ಡೀಲ್ಸ್ ಮತ್ತು ಕರ್ಟ್ ಆಲ್ಡರ್ ಈ ಕ್ರಿಯೆಯನ್ನು 1928ರಲ್ಲಿ ಪ್ರಕಟಿಸಿದರು, 1950ರಲ್ಲಿ ನೊಬೆಲ್ ಬಂತು. ಕಾಗದದ ಮೇಲಿನ ಎಂಡೋ ನಿಜವಾ ಅಂತ ನೋಡಲು ಈಗಲೂ ಕಾಲೇಜು ಲ್ಯಾಬಿನಲ್ಲಿ ಸೈಕ್ಲೋಪೆಂಟಾಡಯೀನ್ ಮತ್ತು ಮಲೇಯಿಕ್ ಅನ್‌ಹೈಡ್ರೈಡ್ ಜೋಡಿಯನ್ನೇ ಹಿಡಿಯುತ್ತಾರೆ.

ಸೈಕ್ಲೋಪೆಂಟಾಡಯೀನ್ ಅಂಗಡಿಯಲ್ಲಿ ಸಿಗುವುದಿಲ್ಲ. ಸಿಗುವುದು ಡೈಸೈಕ್ಲೋಪೆಂಟಾಡಯೀನ್. ಅದು ತನಗೆ ತಾನೇ ಡೀಲ್ಸ್–ಆಲ್ಡರ್ ಮಾಡಿಕೊಂಡ ಜೋಡಿ. ಸುಮಾರು 170 ಡಿಗ್ರಿಗೆ ಕಾಯಿಸಿದರೆ ಜೋಡಿ ಬಿಡುತ್ತದೆ, 41 ಡಿಗ್ರಿಯ ಆಸುಪಾಸಿನಲ್ಲಿ ಆವಿಯಾಗಿ ಬರುವುದನ್ನು ಮಂಜುಗಡ್ಡೆಯಲ್ಲಿಟ್ಟ ಫ್ಲಾಸ್ಕಿಗೆ ಹಿಡಿಯಬೇಕು. ವಾಸನೆ ಕೆಟ್ಟದ್ದು, ಬೇಗ ಬೆಂಕಿ ಹಿಡಿಯುತ್ತದೆ. ಫ್ಯೂಮ್ ಹುಡ್ ಇಲ್ಲದೆ, ಮೇಲ್ವಿಚಾರಣೆ ಮಾಡುವವರಿಲ್ಲದೆ ಕೈ ಹಾಕಬೇಡಿ.

ನಂತರದ ಕೆಲಸ ಸುಲಭ. 6 ಗ್ರಾಂ ಮಲೇಯಿಕ್ ಅನ್‌ಹೈಡ್ರೈಡನ್ನು 20 ಮಿಲಿ ಈಥೈಲ್ ಅಸಿಟೇಟ್‌ನಲ್ಲಿ ಬಿಸಿ ಮಾಡಿ ಕರಗಿಸಿ, 20 ಮಿಲಿ ಹೆಕ್ಸೇನ್ ಸೇರಿಸಿ, ಮಂಜುಗಡ್ಡೆ ನೀರಿನಲ್ಲಿ ತಣ್ಣಗೆ ಮಾಡಿ. ಅದಕ್ಕೆ ಸುಮಾರು 6 ಮಿಲಿ ಸೈಕ್ಲೋಪೆಂಟಾಡಯೀನ್ ಹಾಕಿ ಅಲ್ಲಾಡಿಸಿ. ಫ್ಲಾಸ್ಕ್ ಬಿಸಿಯಾಗುತ್ತದೆ, ಬಿಳಿ ಹರಳು ಬೀಳುತ್ತದೆ. ಮತ್ತೆ ಬಿಸಿ ಮಾಡಿ ಕರಗಿಸಿ, ಅಲುಗಾಡಿಸದೆ ಬಿಟ್ಟರೆ ಚೆಂದದ ಹರಳು ಬರುತ್ತವೆ. C₅H₆ ಮತ್ತು C₄H₂O₃ ಕೂಡಿ C₉H₈O₃. 6 ಗ್ರಾಂ ಅನ್‌ಹೈಡ್ರೈಡಿಗೆ ಹೆಚ್ಚೆಂದರೆ 10 ಗ್ರಾಂ ಸಿಗಬೇಕು. ಎಂಡೋ ಹರಳು 164–165 ಡಿಗ್ರಿಗೆ ಕರಗುತ್ತದೆ. ಅದರ ಅಣುತೂಕವೂ 164! ಕಾಕತಾಳೀಯ ಅಷ್ಟೇ, ಆದರೆ ಒಮ್ಮೆ ಕೇಳಿದರೆ ಮರೆಯುವುದಿಲ್ಲ. ಎಕ್ಸೋ ಹರಳು ಸುಮಾರು 20 ಡಿಗ್ರಿ ಕೆಳಗೇ ಕರಗುತ್ತದೆ. ಅಂದರೆ ಕರಗುವ ಬಿಂದು ನೋಡುವ ಗಾಜಿನ ಕೊಳವೆಯೇ ಇಲ್ಲಿ ತೀರ್ಪುಗಾರ.

ನಾನು ಹೊಸದಾಗಿ ಡೆಮಾನ್‌ಸ್ಟ್ರೇಟರ್ ಆಗಿದ್ದಾಗ ಒಂದು ಕಾಲೇಜಿನಲ್ಲಿ ಶನಿವಾರ ಸಂಜೆಯೇ ಜೋಡಿ ಬಿಡಿಸಿ ಬಾಟಲಿ ತುಂಬಿಟ್ಟೆ. ಸೋಮವಾರ ಬೆಳಿಗ್ಗೆ ಕೆಲಸ ಕಡಿಮೆಯಾಗಲಿ ಅಂತ ನನ್ನ ಜಾಣತನ. ಏಪ್ರಿಲ್ ತಿಂಗಳು, ಬಾಟಲಿ ಮೇಜಿನ ಮೇಲೆ. ಸೋಮವಾರ ಇಪ್ಪತ್ತು ಜನ ಹುಡುಗರು ಫ್ಲಾಸ್ಕಿಗೆ ಹಾಕಿ ಅಲ್ಲಾಡಿಸಿದ್ದೇ ಅಲ್ಲಾಡಿಸಿದ್ದು. ಬಿಸಿಯೂ ಇಲ್ಲ, ಹರಳೂ ಇಲ್ಲ. "ಸರ್, ಗೋಡಂಬಿ ಹಾಕ್ಲೇನ್ರಿ, ಪಾಯಸ ಆಗ್ತದ" ಅಂದ ಒಬ್ಬ. ಎರಡು ರಾತ್ರಿಯಲ್ಲಿ ಸೈಕ್ಲೋಪೆಂಟಾಡಯೀನ್ ಮತ್ತೆ ತನ್ನ ಜೋಡಿ ಹಿಡಿದಿತ್ತು. ಕೈಗೆ ಫ್ಲಾಸ್ಕ್ ಬಿಸಿ ತಾಗದಿದ್ದರೆ ಮೊದಲ ಅನುಮಾನ ಇದರ ಮೇಲೆ ಇರಲಿ. ಬಿಡಿಸಿದ ತಕ್ಷಣ ಬಳಸಿ, ಇಡಲೇಬೇಕಾದರೆ ಫ್ರೀಜರ್‌ನಲ್ಲಿಡಿ.

ಇನ್ನೊಂದು ತೊಂದರೆ ಮಳೆಗಾಲದ್ದು. ಧಾರವಾಡದ ಜುಲೈ ಜಿಟಿಜಿಟಿಯಲ್ಲಿ ಮಲೇಯಿಕ್ ಅನ್‌ಹೈಡ್ರೈಡ್ ಡಬ್ಬಿ ನಾಲ್ಕು ಸಲ ತೆರೆದು ಮುಚ್ಚಿದರೆ ತೇವ ಹೀರಿ ಮಲೇಯಿಕ್ ಆಸಿಡ್ ಆಗುತ್ತದೆ. ಒಳ್ಳೆ ಅನ್‌ಹೈಡ್ರೈಡ್ 53 ಡಿಗ್ರಿ ಹತ್ತಿರ ಕರಗುತ್ತದೆ, ಆಸಿಡ್ 130 ದಾಟಬೇಕು. ಕೆಲಸ ಶುರು ಮಾಡುವ ಮೊದಲು ಒಂದು ಚಿಟಿಕೆ ಪರೀಕ್ಷಿಸಿ. ದ್ರಾವಣದ ತಳದಲ್ಲಿ ಕರಗದ ಬಿಳಿ ಪುಡಿ ಉಳಿದರೆ ಬಹುತೇಕ ಅದೇ. ಸೋಸಿ ಮುಂದುವರಿಯಬಹುದು, ಇಳುವರಿ ಮಾತ್ರ ಕಡಿಮೆ.

ಎಂಡೋ ಎಲ್ಲಿ ಕೈ ಕೊಡುತ್ತದೆ

ಹೊರಗಿನದು–ಒಳಗಿನದು, ಸಿಸ್ ಸಿಸ್ ಆಗಿಯೇ ಉಳಿಯುವುದು, ಇವೆರಡನ್ನು ಕಣ್ಣು ಮುಚ್ಚಿ ನಂಬಬಹುದು. ಎಂಡೋ ಹಾಗಲ್ಲ, ಅದು ಒಲವು ಮಾತ್ರ. ಕಾರ್ಬೋನಿಲ್ ಡಯೀನ್‌ನ ಅಡಿಗೆ ಬಂದಾಗ ಅದರ ಆರ್ಬಿಟಲ್‌ಗೂ ಡಯೀನ್‌ನ ನಡುವಿನ ಕಾರ್ಬನ್‌ಗಳ ಆರ್ಬಿಟಲ್‌ಗೂ ಸ್ವಲ್ಪ ಹೊಂದಾಣಿಕೆ ಆಗುತ್ತದೆ ಅನ್ನುವುದು ವಾಡಿಕೆಯ ವಿವರಣೆ. ಅದರಿಂದ ಎಂಡೋ ದಾರಿ ಬೇಗ ಸಾಗುತ್ತದೆ. ಬೇಗ ಆಗುವುದು ಬೇರೆ, ಗಟ್ಟಿಯಾಗಿ ಉಳಿಯುವುದು ಬೇರೆ. ಸಾಮಾನ್ಯವಾಗಿ ಎಕ್ಸೋನೇ ಗಟ್ಟಿ.

ಫ್ಯೂರಾನ್ ಮತ್ತು ಮಲೇಯಿಕ್ ಅನ್‌ಹೈಡ್ರೈಡ್ ಇದಕ್ಕೆ ಒಳ್ಳೆ ಉದಾಹರಣೆ. ಅಲ್ಲೂ ಎಂಡೋ ಬೇಗ ಹುಟ್ಟುತ್ತದೆ. ಆದರೆ ಕೋಣೆಯ ಉಷ್ಣತೆಯಲ್ಲೇ ಅದು ಮತ್ತೆ ಬಿಚ್ಚಿಕೊಂಡು ಬಿಡಿ ಬಿಡಿಯಾಗುತ್ತದೆ. ನಿಧಾನಕ್ಕೆ ಎಲ್ಲವೂ ಎಕ್ಸೋ ಕಡೆ ಸರಿಯುತ್ತದೆ, ಬಾಟಲಿಯಲ್ಲಿ ಸಿಗುವುದು ಎಕ್ಸೋ ಹರಳು. ಸೈಕ್ಲೋಪೆಂಟಾಡಯೀನ್‌ನ ಎಂಡೋ ಹರಳನ್ನೂ 190 ಡಿಗ್ರಿಗೆ ಹಿಡಿದು ಕಾಯಿಸಿದರೆ ಎಂಡೋ, ಎಕ್ಸೋ ಬೆರೆತ ಮಿಶ್ರಣ ಸಿಗುತ್ತದೆ. ಹಾಗಾಗಿ ಪ್ರಶ್ನೆಯಲ್ಲಿ ಫ್ಯೂರಾನ್ ಕಂಡರೆ, ಇಲ್ಲವೇ "ಹೆಚ್ಚು ಹೊತ್ತು, ಹೆಚ್ಚು ಉಷ್ಣತೆ" ಅಂತ ಬರೆದಿದ್ದರೆ ಪೆನ್ನು ನಿಲ್ಲಿಸಿ ಇನ್ನೊಮ್ಮೆ ಓದಿ. 5 ಮತ್ತು 6ರ ಗುಂಪುಗಳನ್ನು ಚುಕ್ಕೆ ಗೀಟಿಗೆ ಸರಿಸಬೇಕಾಗಬಹುದು. ಸೇತುವೆ ಮಾತ್ರ ತನ್ನ ಜಾಗದಲ್ಲೇ ಇರಲಿ.

ಹಾವೇರಿಯ ಆ ಹುಡುಗಿ ಮುಂದಿನ ವಾರ ಫ್ಯೂರಾನ್ ಲೆಕ್ಕ ಬಿಡಿಸಿ ತಂದಳು. ಅನ್‌ಹೈಡ್ರೈಡ್ ಆಕ್ಸಿಜನ್ ಸೇತುವೆಯ ಕಡೆಗೇ ಇತ್ತು. ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದುಕೊಂಡಿದ್ದಳು: "ಡಯೀನ್ ಕೆಳಗ ಅಲ್ಲ, ಹೊರಗ."